ಟಾನಿಕ್ ಹೊಡದವ್ರ ಹೊಲ ಯಾಕ ಚಲೋ ಬಂತು? ಕುಂದಗೋಳ ಕಡೆ ಒಂದು ಮೆಣಸಿನಗಿಡದ ಲೆಕ್ಕ

ನಮ್ಮ ಕಾಕಾಂದು ಕುಂದಗೋಳ ತಾಲೂಕಿನಾಗ ಎರಿ ಹೊಲ ಐತಿ. ಆ ಕಡೆ ಎಲ್ಲಾರೂ ಮಾಡೂಹಂಗ ಮೆಣಸಿನಗಿಡ, ನಡುವ ಹತ್ತಿ, ಉಳ್ಳಾಗಡ್ಡಿ. ನಾನು ಧಾರವಾಡದಾಗ ಡಿಗ್ರಿ ಹುಡುಗ್ರಿಗೆ ಸ್ಟ್ಯಾಟಿಸ್ಟಿಕ್ಸ್ ಕಲಸ್ತೀನಿ, ಹಿಂಗಾಗಿ ಊರಿಗೆ ಹೋದ್ರ ಎಲ್ಲಾರೂ "ನಿಮ್ಮ ಲೆಕ್ಕ ಹೊಲಕ್ಕ ಏನ್ ಉಪಯೋಗ ಲೇ" ಅಂತ ಕೇಳವ್ರ. ಒಂದ್ಸಲ ಉಪಯೋಗಕ್ಕ ಬಂತು, ಅದನ್ನ ಪೂರ್ತಿ ಬರೀತೀನಿ. ಊರಿನ ಹೆಸರು, ಅಂಗಡಿ ಹೆಸರು, ಟಾನಿಕ್ ಹೆಸರು ಮೂರೂ ಹೇಳೂದಿಲ್ಲ, ಅಂಕಿನೂ ಲೆಕ್ಕ ಹಿಡಿಲಿಕ್ಕೆ ಸಲೀಸ ಆಗ್ಲಿ ಅಂತ ದುಂಡಗ ಮಾಡೀನಿ.

ಶುರು ಆಗಿದ್ದು ಹಿಂಗ. ಗೊಬ್ಬರದ ಅಂಗಡಿಯವ ಕಾಕಾನ ಕೈಯಾಗ ಒಂದು ಹಾಳಿ ಕೊಟ್ಟಿದ್ದ. ಅದರಾಗ ಹೋದ ವರ್ಷ ಹೂ ಉದುರಬಾರ್ದು ಅಂತ ಟಾನಿಕ್ ಹೊಡದವ್ರ ಹೆಸರು, ಎದುರಿಗೆ ಎಕರೆಗೆ ಎಷ್ಟು ಒಣಗಿದ ಕಾಯಿ ಬಂತು ಅಂತ. ಕೆಳಗ ಹೊಡೀದವ್ರ ನಾಕ ಮಂದಿದೂ ಹಾಕಿದ್ದ. ನೋಡಿದ್ರ ಹೊಡದವ್ರದು ಎಲ್ಲಾ ಚಲೋ, ಹೊಡೀದವ್ರದು ಎಲ್ಲಾ ಕಮ್ಮಿ. ಕಾಕಾ ಫೋನ್ ಮಾಡಿ "ತಮ್ಮಾ, ಎಕರೆಗೆ ಒಂದೂವರಿ ಕ್ವಿಂಟಲ್ ಜಾಸ್ತಿ ಅಂತಲೇ, ಈ ಸಲ ಎಲ್ಲಾ ಹೊಲಕ್ಕ ಹೊಡದ ಬಿಡೂನು" ಅಂದ್ರು. ನಾ ಅಂದೆ, ಕಾಕಾ, ಅಂಗಡಿಯವ ತನಗ ಬೇಕಾದವ್ರ ಹೆಸರು ಬರ್ಕೊಂಡಿರ್ತಾನ, ಊರಾಗ ಮೆಣಸಿನಗಿಡ ಹಾಕಿದ ಎಲ್ಲಾರನೂ ಕೇಳೂನು, ಆಮ್ಯಾಲ ನೋಡೂನ್ರಿ. ಅವ್ರು ಒಪ್ಪಿದ್ರು, ಯಾಕಂದ್ರ ಮನಿ ಮನಿಗೆ ಹೋಗಿ ಚಾ ಕುಡಿಯೂ ಕೆಲಸ ಅವ್ರಿಗೆ ಯಾವತ್ತೂ ಬ್ಯಾಸರಿಲ್ಲ.

ಎರಡ ದಿನ ತಿರಗಿ 40 ಮನಿದು ಬರ್ಕೊಂಡ್ವಿ. ಟಾನಿಕ್ ಹೊಡದವ್ರು 20, ಹೊಡೀದವ್ರು 20. ಹೊಡದವ್ರದು ಎಕರೆಗೆ ಸರಾಸರಿ 4.3 ಕ್ವಿಂಟಲ್, ಹೊಡೀದವ್ರದು 2.7. ಫರಕು 1.6 ಕ್ವಿಂಟಲ್. ಅಂದ್ರ ಅಂಗಡಿಯವ ಸುಳ್ಳ ಹೇಳಿರಲಿಲ್ಲ, ಈ ಮಾತು ಮುಖ್ಯ. ಅಂಕಿ ಖರೇನ ಇತ್ತು, ಟಾನಿಕ್ ಮತ್ತು ಇಳುವರಿ ಎರಡೂ ಕೂಡಿ ಹೋಗತಿದ್ವು, ಅದಕ್ಕ ನಾವು ಕೋರಿಲೇಷನ್ ಅಂತೀವಿ. ಕಾಕಾ ನನ್ನ ಮಾರಿ ನೋಡಿ ನಗಾಕ್ಹತ್ತಿದ್ರು.

ಆದ್ರ ನೋಟ್‌ಬುಕ್ಕಿನಾಗ ಇನ್ನೊಂದು ಕಾಲಂ ಇತ್ತು, ನೀರಿಂದು. ಕೃಷಿ ಹೊಂಡ ಅಥವಾ ಬೋರ್ ಇದ್ದವ್ರು 20 ಮಂದಿ, ಬರೇ ಮಳಿ ನಂಬಿದವ್ರು 20 ಮಂದಿ. ಈಗ ನೋಡ್ರಿ, ಟಾನಿಕ್ ಹೊಡದ 20 ಮಂದಿಯಾಗ 15 ಮಂದಿಗೆ ನೀರ ಇತ್ತು, 5 ಮಂದಿಗೆ ಇರಲಿಲ್ಲ. ಹೊಡೀದವ್ರಾಗ ಪೂರಾ ಉಲ್ಟಾ, 5 ಮಂದಿಗೆ ನೀರು, 15 ಮಂದಿಗೆ ಬರೇ ಮಳಿ. ನೀರಿದ್ದವ್ರನ್ನ ನೀರಿದ್ದವ್ರ ಜೋಡಿ ಹೋಲಿಸಿದ್ವಿ: ಟಾನಿಕ್ ಹೊಡದವ್ರದು 5.0, ಹೊಡೀದವ್ರದು 4.8. ಮಳಿ ನಂಬಿದವ್ರನ್ನ ಅವ್ರ ಜೋಡಿನ ಹೋಲಿಸಿದ್ವಿ: ಹೊಡದವ್ರದು 2.2, ಹೊಡೀದವ್ರದು 2.0. ಎರಡೂ ಕಡೆ ಫರಕು ಬರೇ 0.2. ಎಲ್ಲಾ ಕೂಡಿಸಿದಾಗ 1.6 ಆಗಿದ್ದು ಬ್ಯಾರೆ ಬ್ಯಾರೆ ಮಾಡಿದ ಕೂಡ್ಲೆ 0.2ಕ್ಕ ಇಳೀತು.

ಕಾಕಾಗ ಇದು ಹೊಂದಲಿಲ್ಲ, ಅದ ನೋಟ್‌ಬುಕ್, ಅದ ಮಂದಿ, ಅದ ಅಂಕಿ, ಫರಕು ಎಲ್ಲಿಗೆ ಹೋತು ಅಂತ ಮೂರ ಸಲ ಕೂಡಿಸಿದ್ರು. ಕೂಡಿಸೂದ ಸರಿನ ಇತ್ತು. 15 ಸಲ 5.0 ಅಂದ್ರ 75, 5 ಸಲ 2.2 ಅಂದ್ರ 11, ಕೂಡಿಸಿ 20ರಿಂದ ಭಾಗಿಸಿದ್ರ 4.3. ಆ ಕಡೆ 5 ಸಲ 4.8 ಅಂದ್ರ 24, 15 ಸಲ 2.0 ಅಂದ್ರ 30, ಭಾಗಿಸಿದ್ರ 2.7. ಅಂದ್ರ ಆ 1.6 ಕ್ವಿಂಟಲಿನಾಗ ಹೆಚ್ಚಿನ ಪಾಲು ಟಾನಿಕ್ಕಿಂದಲ್ಲ, ನೀರಿಂದು. ನೀರಿದ್ದವನ ಕೈಯಾಗ ರೊಕ್ಕ ಇರ್ತದ, ಅವ ಟಾನಿಕ್ ತಗೋತಾನ. ನೀರಿದ್ದವನ ಗಿಡಕ್ಕ ಮಳಿ ತಡಾ ಆದ್ರೂ ಬಾಡೂದಿಲ್ಲ, ಕಾಯಿ ಹೆಚ್ಚ ಬರ್ತಾವ. ಒಂದ ಬೇರಿನಿಂದ ಎರಡ ಟೊಂಗಿ, ಟೊಂಗಿ ಟೊಂಗಿ ಹತ್ತರ ಅದಾವ ಅಂತ ಒಂದು ಇನ್ನೊಂದನ್ನ ಹಡದದ ಅನ್ನಾಕ ಬರೂದಿಲ್ಲ. ಹಿಂಗ ಎರಡಕ್ಕೂ ಕಾರಣ ಆಗಿ ಹಿಂದ ಕುಂತ ಮೂರನೇದಕ್ಕ ಕನ್ಫೌಂಡರ್ ಅಂತಾರ. ಕನ್ನಡದಾಗ ಗೊಂದಲಕಾರಿ ಅಂಶ ಅಂತ ಬರೀತಾರ, ನನಗ ಆ ಹೆಸರು ಅಷ್ಟ ಸೇರೂದಿಲ್ಲ, ಗೊಂದಲ ಆಗಿದ್ದು ನಮಗ, ನೀರಿಗಲ್ಲ.

ಇಲ್ಲೆ ಭಾಳ ಮಂದಿ ನಿಂತ ಬಿಡ್ತಾರ. "ನೀರು ಲೆಕ್ಕಕ್ಕ ತಗೊಂಡ್ವಿ, ಉಳದ 0.2 ಟಾನಿಕ್ಕಿಂದು" ಅಂತ. ಎಕರೆಗೆ 20 ಕೆಜಿ ಅಂದ್ರ ಕಮ್ಮಿ ಏನಲ್ಲ, ಕೆಜಿಗೆ 150 ರೂಪಾಯಿ ಹಿಡದ್ರೂ 3000 ಆತು. ಕಾಕಾನೂ ಅದನ್ನ ಹಿಡ್ಕೊಂಡ್ರು, "20 ಕೆಜಿ ಆದ್ರೂ ಬರಲಿ ಬಿಡೋ". ನನಗ ಆ 20 ಕೆಜಿ ಮ್ಯಾಲೂ ಸಂಶೆ ಇತ್ತು. ನೀರು ಅಂತ ಒಂದು ಕಾಲಂ ನಮಗ ನೆನಪಾತು, ಬರಕೊಂಡ್ವಿ. ನೆನಪಾಗದ್ದು ಎಷ್ಟ ಇರಬೇಕು? ಕುರಿ ಗೊಬ್ಬರ ಹಾಕಿದವ್ರು ಯಾರು, ಸಸಿ ಎಲ್ಲಿಂದ ತಂದ್ರು, ಹೊಲ ಕೆಳಗಿನ ಪಟ್ಟಿಯಾಗ ಐತೋ ದಿಬ್ಬದಾಗ ಐತೋ, ಮನ್ಯಾಗ ದುಡಿಯೂ ಮಂದಿ ಎಷ್ಟು. ಬರಕೊಂಡಿದ್ದನ್ನ ಅಷ್ಟ ಬ್ಯಾರೆ ಮಾಡಾಕ ಬರ್ತದ, ಬರಕೊಳ್ಳದ್ದು ಅಂಕಿಯೊಳಗ ಅಡಗಿ ಕುಂತಿರ್ತದ.

ಮತ್ತ ಅದಕ್ಕಿಂತ ದೊಡ್ಡ ತಕರಾರು ಬ್ಯಾರೆ ಒಂದಿತ್ತು. ಮಳಿ ನಂಬಿದವ್ರಾಗ ಟಾನಿಕ್ ಹೊಡದ ಆ ಐದ ಮಂದಿ ಮನಿಗೆ ತಿರಗಿ ಹೋಗಿ ಒಂದ ಪ್ರಶ್ನಿ ಕೇಳಿದೆ: ಟಾನಿಕ್ ಯಾವಾಗ ತಂದ್ರಿ, ಅವಾಗ ಹೊಲ ಹೆಂಗಿತ್ತು? ನಾಕ ಮಂದಿ ಹೇಳಿದ್ದು ಒಂದ ಮಾತು. "ಹೂ ಚಲೋ ಕುಂತಿದ್ವ್ರಿ, ಉದುರಿ ಹೋಗಬಾರ್ದಂತ ತಂದ ಹೊಡದ್ವಿ." ಟಾನಿಕ್ ಹೊಡೀದ ಒಬ್ಬವ್ರ ಮನ್ಯಾಗ ಅಜ್ಜಿ ಇನ್ನೂ ಚಂದ ಹೇಳಿದ್ಲು, "ಹೂವ ಇರಲಿಲ್ಲೋ ಯಪ್ಪಾ, ಎದಕ್ಕ ಹೊಡೀಬೇಕು, ಕಟ್ಟಿಗಿಗೆ?"

ಅಂದ್ರ ಟಾನಿಕ್ ಹೊಡದ್ರು, ಅದಕ್ಕ ಹೊಲ ಚಲೋ ಆತು ಅಂತ ನಾವ್ ತಿಳ್ಕೊಂಡಿದ್ವಿ. ಆಗಿದ್ದು ಏನಂದ್ರ ಹೊಲ ಮೊದಲ ಚಲೋ ಇತ್ತು, ಅದಕ್ಕ ಟಾನಿಕ್ ಹೊಡದ್ರು. ಕಾರಣ ಯಾವುದು, ಫಲ ಯಾವುದು ಅನ್ನೂದು ಅದಲಾ ಬದಲಿ. ಉಲ್ಟಾ ಕಾರಣ ಅಂದ್ರ ಇದ. ಇದರ ಜೋಡಿ ಅಂಗಡಿ ಉದ್ರಿನೂ ಕೂಡ್ತು. ಅಂಗಡಿಯವ ಎಲ್ಲಾರಿಗೂ ಉದ್ರಿ ಕೊಡೂದಿಲ್ಲ, ಬೈಕ್ ಮ್ಯಾಲೆ ಹೋಗುವಾಗ ಬದುವಿನ ಮ್ಯಾಲೆ ನಿಂತು ಹೊಲ ನೋಡ್ತಾನ, ಬೆಳಿ ಬರೂಹಂಗ ಕಂಡ್ರ "ತಗೊಂಡ ಹೋಗ್ರಿ, ಕಾಯಿ ಮಾರಿದ ಮ್ಯಾಲೆ ಕೊಡ್ರಿ" ಅಂತಾನ, ಬಾಡಿದ ಹೊಲದವನಿಗೆ ಹಳೇ ಬಾಕಿ ನೆನಪ ಮಾಡ್ತಾನ. ಅವನ ವ್ಯವಹಾರ ಅದು, ತಪ್ಪ ಅನ್ನೂದಿಲ್ಲ. ಆದ್ರ ಹಿಂಗ ಮುಂದ ಬರೂ ಇಳುವರಿ ನೋಡಿ ಹಿಂದಿನ ಟಾನಿಕ್ ನಿರ್ಧಾರ ಆಗತಿದ್ರ ಆ ಹಾಳಿಯಾಗಿನ ಅಂಕಿಗೆ ಟಾನಿಕ್ ಪವರ್ ತೋರಸೂ ತಾಕತ್ತ ಇರೂದಿಲ್ಲ.

ಅದ ನೋಟ್‌ಬುಕ್ಕಿನಾಗ ಇನ್ನೊಂದು ಮಜಾ ಇತ್ತು, ಅದನ್ನೂ ಹೇಳಿ ಮುಂದ ಹೋಗ್ತೀನಿ. ಹುಳದ ಔಷಧ ಎಷ್ಟ ಸಲ ಹೊಡದ್ರಿ ಅಂತಾನೂ ಕೇಳಿದ್ವಿ. ಐದ ಸಲ ಅಥವಾ ಅದಕ್ಕಿಂತ ಕಮ್ಮಿ ಹೊಡದ 20 ಮಂದಿದು ಸರಾಸರಿ 3.9 ಕ್ವಿಂಟಲ್, ಐದಕ್ಕಿಂತ ಹೆಚ್ಚ ಹೊಡದ 20 ಮಂದಿದು 3.1. ಟಾನಿಕ್ಕಿಗೆ ಹಿಡದ ತರ್ಕಾನ ಇದಕ್ಕೂ ಹಿಡದ್ರ ಔಷಧ ಹೊಡದಷ್ಟೂ ಬೆಳಿ ಹಾಳ ಅನ್ನಬೇಕಾಕ್ಕೇತಿ. ಕಾಕಾ ಬಿದ್ದ ಬಿದ್ದ ನಕ್ರು, "ನುಸಿ ಬಿದ್ದವ ಅಲ್ಲೇನಲೇ ಹೆಚ್ಚ ಹೊಡೆಯಾಂವ!" ನೋಡ್ರಿ, ಟಾನಿಕ್ಕಿನಾಗ ಕಾಣಲಾರದ್ದು ಔಷಧದಾಗ ಅವ್ರಿಗೆ ಒಂದ ಕ್ಷಣದಾಗ ಕಾಣ್ತು, ಯಾಕಂದ್ರ ಇಲ್ಲೆ ಉತ್ತರ ಅವ್ರಿಗೆ ಬ್ಯಾಡಾಗಿತ್ತು. ಬೇಕಾದ ಉತ್ತರಾನ ಬಂದಾಗ ಯಾರೂ ಉಲ್ಟಾ ಮಾಡಿ ನೋಡೂದಿಲ್ಲ, ನಾನೂ ಸೇರಿ.

ಆದ್ರ ಕಾಕಾ ನಕ್ಕಿದ್ದೂ ಪೂರ್ತಿ ಸರಿ ಅಲ್ಲ. ಮೆಣಸಿನಗಿಡದಾಗ ಎರಡ ತರದ ಮುಟುರು ಬರ್ತದ. ಥ್ರಿಪ್ಸ್ ನುಸಿ ಬಿದ್ರ ಎಲಿ ಮ್ಯಾಲಕ್ಕ ಮುದುಡಿ ದೋಣಿ ಹಂಗ ಆಗ್ತದ, ಮೈಟ್ ನುಸಿ ಬಿದ್ರ ಎಲಿ ಕೆಳಗ ಬಾಗತದ. ಕೆಲವು ಜಾತಿ ಔಷಧ, ಅದರಾಗೂ ಪೈರಿಥ್ರಾಯ್ಡ್ ಗುಂಪಿನವು, ಮತ್ತ ಮತ್ತ ಹೊಡದ್ರ ನುಸಿ ತಿನ್ನೂ ಒಳ್ಳೇ ಹುಳಾನೂ ಸತ್ತು ಮೈಟ್ ನುಸಿ ಮೊದಲಕ್ಕಿಂತ ಜೋರಾಗಿ ಏಳ್ತದ. ಹಿಂಗಾಗಿ ನುಸಿ ಬಿದ್ದಿದ್ದಕ್ಕ ಔಷಧ ಹೊಡದ್ರು ಅನ್ನೂದೂ ಖರೆ ಇರಬಹುದು, ಔಷಧ ಹೊಡದಿದ್ದಕ್ಕ ನುಸಿ ಎದ್ದಿತು ಅನ್ನೂದೂ ಖರೆ ಇರಬಹುದು, ಎರಡೂ ಒಂದ ಹೊಲದಾಗ ಆಗಿರಬಹುದು. ಸೀಜನ್ ಮುಗದ ಮ್ಯಾಲೆ "ಎಷ್ಟ ಸಲ ಹೊಡದ್ರಿ, ಎಷ್ಟ ಬಂತು" ಅಂತ ಕೇಳಿದ ಎರಡ ಅಂಕಿಯಿಂದ ಇದನ್ನ ಬಿಡಸಾಕ ಬರೂದಿಲ್ಲ. ಬಿಡಸಬೇಕಂದ್ರ ಮೊದಲು ಏನಾತು ಆಮ್ಯಾಲ ಏನಾತು ಅನ್ನೂ ದಾಖಲೆ ಬೇಕು. ವಾರಕ್ಕೊಮ್ಮೆ ಹತ್ತ ಗಿಡದ ಕುಡಿ ಮತ್ತ ಹೂವ ಬಿಳಿ ಹಾಳಿ ಮ್ಯಾಲೆ ತಟ್ಟಿ ಬಿದ್ದ ನುಸಿ ಎಣಿಸಿ ತಾರೀಖು ಹಾಕಿ ಬರೀಬೇಕು, ಔಷಧ ಹೊಡದ ದಿನಾನೂ ಬರೀಬೇಕು. ಅವಾಗ ಒಂದ ವಾರದಾಗ ಸಮ ಸಮ ನುಸಿ ಇದ್ದ ಎರಡ ಹೊಲ ಹಿಡದು, ಒಬ್ಬ ಹೊಡದ, ಒಬ್ಬ ಹೊಡೀಲಿಲ್ಲ, ಮುಂದಿನ ಎರಡ ವಾರದಾಗ ಏನಾತು ಅಂತ ನೋಡಬಹುದು. ಇದೂ ಪಕ್ಕಾ ಪುರಾವೆ ಅಲ್ಲ, ಆದ್ರ ಕಾಲ ಯಾವ ದಿಕ್ಕಿಗೆ ಹರದೈತಿ ಅನ್ನೂದು ಗೊತ್ತಿದ್ರ ಅರ್ಧ ಗೊಂದಲ ಕಮ್ಮಿ.

ಸರಿ, ಟಾನಿಕ್ಕಿಗೆ ತಿರಗಿ ಬರೂನು. ನಾ ಅಂದೆ, ಕಾಕಾ, ಮಂದಿ ಹೊಲದ ಲೆಕ್ಕ ಸಾಕು, ನಿಮ್ಮ ಹೊಲದಾಗ ಒಂದ ಎಕರೆ ನನಗ ಕೊಡ್ರಿ. ಅವ್ರು ತಕ್ಷಣ ಪ್ಲಾನ್ ಹಾಕಿದ್ರು: ಕೆಳಗ ಹೊಂಡದ ಕಡೆ ಅರ್ಧಕ್ಕ ಟಾನಿಕ್ ಹೊಡೆಯೂನು, ಪಂಪಿಗೆ ನೀರ ತುಂಬಾಕ ಹತ್ತರ ಆಕ್ಕೇತಿ, ಮ್ಯಾಲಿನ ಅರ್ಧ ಹಂಗ ಬಿಡೂನು. ಯಾರ ಆದ್ರೂ ಹಿಂಗ ಮಾಡ್ತಾರ. ಆದ್ರ ಹೊಂಡ ಯಾವಾಗ್ಲೂ ಹೊಲದ ತಗ್ಗಿನಾಗ ಇರ್ತದ, ಮ್ಯಾಲಿನ ಫಲವತ್ತಾದ ಮಣ್ಣು ಮಳಿಗೆ ಹರದು ಬಂದು ನಿಂದ್ರೂದೂ ಅಲ್ಲೆ, ಹಸಿ ಹೆಚ್ಚ ದಿನ ಇರೂದೂ ಅಲ್ಲೆ. ಊರ ತುಂಬ ನೀರು ಮಾಡಿದ ಆಟಾನ ಒಂದ ಎಕರೆದಾಗ ಇಳಿಜಾರು ಮಾಡ್ತಿತ್ತು. ಪ್ರಯೋಗ ಅಂತ ಹೆಸರಿಟ್ಟ ಮಾತ್ರಕ್ಕ ಕನ್ಫೌಂಡರ್ ಹೊಲ ಬಿಟ್ಟ ಓಡಿ ಹೋಗೂದಿಲ್ಲ.

ಇದಕ್ಕ ದಾರಿ ಹುಡುಕಿದ್ದೂ ಹೊಲದಾಗ ಕೆಲಸ ಮಾಡಿದವನ. ರೊನಾಲ್ಡ್ ಫಿಶರ್ ಅಂತ, 1919ರಾಗ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರಕ್ಕ ಸೇರಿದ. ಒಂದ ಹೊಲದಾಗ ಮಾರಿಗೊಂದು ಮಣ್ಣು ಇರ್ತದ, ಗೊಬ್ಬರದ ಫರಕು ಯಾವುದು ಮಣ್ಣಿನ ಫರಕು ಯಾವುದು ಅಂತ ಹೆಂಗ ಬಿಡಸೂದು ಅನ್ನೂದು ಅವನ ತಲಿನೋವು. ಅವ ಹೇಳಿದ್ದು ಎರಡ ಮಾತು: ಒಂದು, ಒಂದ ನಮೂನಿ ಇರೂ ಜಾಗ ಹತ್ತರ ಹತ್ತರ ಜೋಡಿಸಿ ಬ್ಲಾಕ್ ಮಾಡ್ರಿ, ಹೋಲಿಕಿ ಬ್ಲಾಕಿನ ಒಳಗ ನಡೀಲಿ. ಎರಡು, ಬ್ಲಾಕಿನ ಒಳಗ ಯಾವ ಪಟ್ಟಿಗೆ ಗೊಬ್ಬರ ಅನ್ನೂದನ್ನ ನೀವು ಆರಿಸಬ್ಯಾಡ್ರಿ, ಚೀಟಿ ಎತ್ತಲಿ. ಬ್ಲಾಕ್ ನಮಗ ಗೊತ್ತಿದ್ದ ಫರಕು ಹಿಡೀತದ. ಚೀಟಿ ಗೊತ್ತಿಲ್ಲದ್ದಕ್ಕ, ನೆನಪಾಗದ್ದಕ್ಕ, ಮುಂದ ಎಂದೂ ಗೊತ್ತಾಗದ್ದಕ್ಕ ಎಲ್ಲಾದಕ್ಕೂ ಸೇರಿ ಕೆಲಸ ಮಾಡ್ತದ, ಯಾಕಂದ್ರ ಚೀಟಿಗೆ ಹೊಲ ಕಾಣೂದಿಲ್ಲ. ಹೂ ಹೆಚ್ಚ ಐತೋ ಕಮ್ಮಿ ಐತೋ ಅದಕ್ಕ ತಿಳಿಯೂದಿಲ್ಲ, ಉದ್ರಿನೂ ಕೊಡೂದಿಲ್ಲ.

ನಾವ್ ಮಾಡಿದ್ದು ಹಿಂಗ. ಹೊಂಡದಿಂದ ಮ್ಯಾಲಕ್ಕ ಇಳಿಜಾರಿಗೆ ಅಡ್ಡ ಆರು ಬ್ಲಾಕ್. ಒಂದೊಂದರಾಗ ಅಕ್ಕಪಕ್ಕ ಎರಡು ಪಟ್ಟಿ, ಪಟ್ಟಿಗೆ ಎರಡ ಗುಂಟೆ. ಪಟ್ಟಿ ನಡುವ ಒಂದಿಷ್ಟು ಸಾಲು ಏನೂ ಹೊಡೀದ ಬಿಟ್ವಿ, ಗಾಳಿಗೆ ಟಾನಿಕ್ ಪಕ್ಕದ ಪಟ್ಟಿಗೆ ಹಾರಬಾರ್ದಂತ, ಆ ಸಾಲಿನ ಕಾಯಿ ತೂಕಕ್ಕ ಹಿಡೀಲಿಲ್ಲ. ಬ್ಲಾಕಿಗೆ ಒಂದ ಸಲ ನಾಣ್ಯ ಚಿಮ್ಮಿದ್ವಿ, ಹೆಡ್ ಬಿದ್ರ ಎಡಗಡೆ ಪಟ್ಟಿಗೆ ಟಾನಿಕ್, ಟೇಲ್ ಬಿದ್ರ ಬಲಗಡೆ. ಮೂರನೇ ಬ್ಲಾಕಿನಾಗ ಬಲಗಡೆ ಬಂದಾಗ ಕಾಕಾ "ಅಲ್ಲೆ ಗಿಡ ಸಣ್ಣ ಅದಾವ, ಇನ್ನೊಮ್ಮೆ ಚಿಮ್ಮು" ಅಂದ್ರು. ಇನ್ನೊಮ್ಮೆ ಚಿಮ್ಮಿದ್ರ ಆಟ ಮುಗೀತು, ಬೇಕಾದ್ದು ಬೀಳೂತನಾ ಚಿಮ್ಮೂದಂದ್ರ ನಾವ ಆರಿಸಿದಂಗ. ಚಿಮ್ಮಲಿಲ್ಲ, ಅವ್ರು ಸಂಜೀತನಾ ಮಾತಾಡಲಿಲ್ಲ.

ಟಾನಿಕ್ ಇಲ್ಲದ ಪಟ್ಟಿಗೆ ಅಷ್ಟ ನೀರು ಅದ ಪಂಪಿಲೆ ಹೊಡಿಸಿದ್ವಿ. ಹೂ ಬಿಡೂ ಕಾಲಕ್ಕ ಮಳಿ ತಡಾ ಆಗಿದ್ರ ಎಲಿ ತೊಯ್ಯೂದೂ ಒಂದು ಉಪಕಾರ ಆಗಿರಬಹುದು, ಆ ಉಪಕಾರ ಎರಡೂ ಕಡೆ ಸಮ ಇರಬೇಕು, ಇಲ್ಲಂದ್ರ ನೀರಿನ ಪುಣ್ಯ ಟಾನಿಕ್ಕಿಗೆ ಹೋಗ್ತದ. ಹೊಡೆಯೂ ಆಳಿಗೆ ಗೊತ್ತಾಗಬಾರ್ದಂತ ಮಾಡಾಕ ನೋಡಿದ್ವಿ, ಆಗಲಿಲ್ಲ, ಆ ಟಾನಿಕ್ ವಾಸನಿ ನಾಕ ಹೊಲದ ಆಚಿತನಾ ಹೋಗ್ತದ. ಅದಕ್ಕ ಇನ್ನೊಂದು ತುದಿಯಾಗ ಮುಚ್ಚಿದ್ವಿ: ಕಾಯಿ ಬಿಡಿಸೂ ಹೆಣಮಕ್ಕಳಿಗೂ ತೂಕ ಮಾಡೂ ಕಾಕುಗೂ ಪಟ್ಟಿ ನಂಬರ್ ಬಿಟ್ಟು ಬ್ಯಾರೆ ಏನೂ ಹೇಳಲಿಲ್ಲ, ಯಾವ ನಂಬರಿಗೆ ಏನು ಅನ್ನೂ ಹಾಳಿ ಧಾರವಾಡದಾಗ ನನ್ನ ಕಪಾಟಿನಾಗ ಇತ್ತು. ಟಾನಿಕ್ ಪಟ್ಟಿ ಅಂತ ಗೊತ್ತಿದ್ರ ಗಿಡದ ಬುಡದಾಗಿನ ಕಾಯಿನೂ ಹುಡುಕಿ ಬಿಡಸ್ತಾರ, ಮೋಸ ಮಾಡಾಕಲ್ಲ, ಕಣ್ಣ ಹಂಗ ಹೋಗ್ತಾವ.

ಇನ್ನೊಂದು ಕೆಲಸ ಶುರುವಿನಾಗ ಮಾಡಿದ್ವಿ. ಯಾವುದನ್ನ ಅಳಿಯೂದು ಅಂತ ಕ್ಯಾಲೆಂಡರ್ ಹಿಂದ ಬರದು ಇಬ್ಬರೂ ಸಹಿ ಹಾಕಿದ್ವಿ: ಮೂರೂ ಬಿಡತಿ ಕೂಡಿಸಿ ಒಣಗಿದ ಕಾಯಿ ತೂಕ, ಅಷ್ಟ. ಇಲ್ಲಂದ್ರ ಆಮ್ಯಾಲ ಮೊದಲನೇ ಬಿಡತಿಯಾಗ ಚಲೋ ಇತ್ತು, ಬಣ್ಣ ಚಲೋ ಇತ್ತು, ಕಾಯಿ ಉದ್ದ ಇತ್ತು ಅಂತ ಹುಡುಕ್ಕೋಂತ ಹೋದ್ರ ಒಂದಿಲ್ಲಾ ಒಂದರಾಗ ಟಾನಿಕ್ ಗೆದ್ದ ಗೆಲ್ಲತದ. ಹಸಿ ಕಾಯಿ ತೂಕಾನೂ ಬ್ಯಾಡ ಅಂದ್ವಿ, ಒಂದ ಪಟ್ಟಿ ಮುಂಜಾನೆ ಇಬ್ಬನ್ಯಾಗ ಬಿಡಿಸಿ ಇನ್ನೊಂದು ಮಧ್ಯಾಹ್ನ ಬಿಡಿಸಿದ್ರ ನೀರಿನ ತೂಕಾನ ಫರಕ ತೋರಸ್ತದ. ಎಲ್ಲಾ ಪಟ್ಟಿ ಕಾಯಿ ಒಂದ ಕಣದಾಗ ಅಷ್ಟ ದಿನ ಒಣಗಿಸಿ ಒಂದ ಕಾಟಾದಾಗ ತೂಗಿದ್ವಿ. ಎರಡನೇ ಬಿಡತಿಯಾಗ ಒಂದ ಚೀಲದ ಮ್ಯಾಲಿನ ನಂಬರ್ ಇಬ್ಬನಿಗೆ ಅಳಿಸಿ ಹೋಗಿತ್ತು, ಒಳಗ ಚೀಟಿ ಹಾಕಿದ್ದು ಕಾಕುನ ಬುದ್ಧಿ, ಇಲ್ಲಂದ್ರ ಒಂದ ಬ್ಲಾಕ್ ಹೋಗತಿತ್ತು.

ಬಂದ ಅಂಕಿ ಇಲ್ಲಿ ಅದಾವ. ಕೆಳಗ ಹೊಂಡದ ಹತ್ತರ ಒಂದನೇ ಬ್ಲಾಕು, ಮ್ಯಾಲೆ ದಿಬ್ಬಕ್ಕ ಆರನೇದು, ಎಲ್ಲಾ ಕೆಜಿ:

```
ಬ್ಲಾಕ್   ಟಾನಿಕ್   ನೀರು    ಫರಕು
1       22.5     21.0    +1.5
2       20.0     20.5    -0.5
3       19.0     18.5    +0.5
4       17.5     18.5    -1.0
5       16.0     15.0    +1.0
6       14.0     14.5    -0.5
ಒಟ್ಟು    109.0    108.0   +1.0
```

ಮೂರ ಬ್ಲಾಕಿನಾಗ ಟಾನಿಕ್ ಮುಂದ, ಮೂರರಾಗ ನೀರು ಮುಂದ, ಎಲ್ಲಾ ಕೂಡಿ ಒಂದ ಕೆಜಿ ಫರಕು. ಆ ಒಂದ ಕೆಜಿ ಟಾನಿಕ್ಕಿಂದೋ ಅಥವಾ ನಾಣ್ಯ ಹೆಂಗ ಬಿತ್ತು ಅನ್ನೂದರ ಆಟಾನೋ? ಇದನ್ನ ಕಾಕಾನ ಮುಂದನ ಲೆಕ್ಕ ಮಾಡಿದ್ವಿ, ಯಾವ ಸೂತ್ರನೂ ಬ್ಯಾಡ. ಟಾನಿಕ್ ಬರೇ ಬಣ್ಣದ ನೀರು ಅಂತ ಇಟ್ಕೋರಿ. ಹಂಗಿದ್ರ ಪಟ್ಟಿ ತೂಕ ಇದ್ದದ್ದ ಇರ್ತಿತ್ತು, ನಾಣ್ಯ ಉಲ್ಟಾ ಬಿದ್ದಿದ್ರ ಆ ಬ್ಲಾಕಿನ ಫರಕಿನ ಮುಂದಿನ ಪ್ಲಸ್ ಮೈನಸ್ ಅಷ್ಟ ಬದಲ ಆಗ್ತಿತ್ತು. ಆರ ನಾಣ್ಯ 64 ನಮೂನಿ ಬೀಳಬಹುದು. 64ನೂ ಬರದು ಕೂಡಿಸಿ ನೋಡಿದ್ರ ಯಾವುದೋ ಒಂದ ಕಡೆಗೆ ಒಂದ ಕೆಜಿ ಅಥವಾ ಹೆಚ್ಚ ಫರಕು ಬರೂವು 54. ಅಂದ್ರ ಏನೂ ಕೆಲಸ ಮಾಡದ ಟಾನಿಕ್ ಇದ್ರೂ 64ರಾಗ 54 ಸಲ ಇಷ್ಟ ಫರಕು ಸುಮ್ನ ಬರ್ತಿತ್ತು. ಹಿಂಗಿದ್ದಾಗ ಆ ಒಂದ ಕೆಜಿ ಹಿಡ್ಕೊಂಡು ಟಾನಿಕ್ ಗೆದ್ದೈತಿ ಅನ್ನಾಕ ಬರೂದಿಲ್ಲ.

ಕಾಕಾನ ಮೊದಲಿನ ಪ್ಲಾನ್ ಮಾಡಿದ್ರ ಏನಾಗ್ತಿತ್ತು ಅನ್ನೂದೂ ಇದ ಟೇಬಲಿನಾಗ ಐತಿ. ಬರೇ ನೀರಿನ ಪಟ್ಟಿ ನೋಡ್ರಿ, ಟಾನಿಕ್ ಹನಿನೂ ಬೀಳದವು: ಕೆಳಗಿನ ಮೂರು ಕೂಡಿಸಿದ್ರ 60 ಕೆಜಿ, ಮ್ಯಾಲಿನ ಮೂರು 48. ಪಟ್ಟಿಗೆ ನಾಕ ಕೆಜಿ, ಎಕರೆಗೆ 80 ಕೆಜಿ. ಕೆಳಗಿನ ಅರ್ಧಕ್ಕ ಟಾನಿಕ್ ಹೊಡದಿದ್ರ ಆ 80 ಕೆಜಿ ಸೀದಾ ಬಾಟ್ಲಿ ಹೆಸರಿಗೆ ಹೋಗ್ತಿತ್ತು, ಕಾಕಾ ಊರ ತುಂಬ ಹೇಳ್ತಿದ್ರು, ಅಂಗಡಿಯವನ ಹಾಳಿಯಾಗ ಇನ್ನೊಂದು ಹೆಸರು ಕೂಡ್ತಿತ್ತು.

ಈಗ ನನ್ನ ಕಡೆಯ ಕುಂದೂ ಹೇಳಬೇಕು. ಕಾಕಾ ಟೇಬಲ್ ನೋಡಿ "ಹಂಗಾರ ಟಾನಿಕ್ ಖೋಟಾ" ಅಂದ್ರು. ನಾ ಇಲ್ಲ ಅಂದೆ. ಬ್ಲಾಕಿನಿಂದ ಬ್ಲಾಕಿಗೆ ಫರಕು ಹಿಂದ ಮುಂದ ಆಗಿದ್ದನ್ನ ಲೆಕ್ಕಕ್ಕ ಹಿಡದ್ರ ಟಾನಿಕ್ ಎಕರೆಗೆ ಸುಮಾರು 17 ಕೆಜಿ ಕಮ್ಮಿ ಮಾಡಿರಬಹುದು, 24 ಕೆಜಿ ಹೆಚ್ಚ ಮಾಡಿರಬಹುದು, ನಡುವ ಏನ ಆದ್ರೂ ಇರಬಹುದು. ಎಕರೆಗೆ ಒಂದೂವರಿ ಕ್ವಿಂಟಲ್ ಅನ್ನೂ ಮಾತು ಸುಳ್ಳು ಅಂತ ಇದರಾಗ ಸಾಫ್ ಕಾಣ್ತದ, ಅಷ್ಟ ಇದ್ದಿದ್ರ ಪಟ್ಟಿಗೆ ಏಳೂವರಿ ಕೆಜಿ ಫರಕು ಬರಬೇಕಿತ್ತು. ಆದ್ರ 20 ಕೆಜಿ ಇಲ್ಲ ಅಂತ ಹೇಳೂ ಶಕ್ತಿ ಆರ ಜೋಡಿಗೆ ಇಲ್ಲ. ಅದನ್ನ ಹಿಡೀಬೇಕಂದ್ರ ಕಮ್ಮಿ ಕಮ್ಮಿ ಅಂದ್ರೂ ಹತ್ತ ಹನ್ನೆರಡ ಜೋಡಿ ಬೇಕಿತ್ತು, ನಾ ಮೊದಲ ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ, ಕ್ಲಾಸಿನಾಗ ಹುಡುಗ್ರಿಗೆ ಹೇಳೂ ಮಾತು ಹೊಲದಾಗ ಮರತೆ. ಮತ್ತ ಇದು ಒಂದ ಹೊಲ, ಒಂದ ಮಳಿಗಾಲ. ಮಣ್ಣಿನಾಗ ಸತು ಕಬ್ಬಿಣ ಕಮ್ಮಿ ಇದ್ದ ಹೊಲದಾಗ, ಅಥವಾ ಬಿಸಲಿಗೆ ಹೂ ಭಾಳ ಉದುರಿದ ವರ್ಷ ಉತ್ತರ ಬ್ಯಾರೆ ಬಂದ್ರೂ ನನಗ ಆಶ್ಚರ್ಯ ಇಲ್ಲ.

ಎಲ್ಲಾದಕ್ಕೂ ನಾಣ್ಯ ಚಿಮ್ಮಾಕ ಆಗೂದಿಲ್ಲ ಅನ್ನೂದೂ ಗೊತ್ತದ. ನಾಣ್ಯ ಚಿಮ್ಮಿ ಅರ್ಧ ಮಂದಿಗೆ ಬೀಡಿ ಸೇದ್ರಿ ಅನ್ನಾಕ ಬರ್ತದೇನು? 1950ರಾಗ ರಿಚರ್ಡ್ ಡಾಲ್ ಮತ್ತ ಬ್ರಾಡ್‌ಫೋರ್ಡ್ ಹಿಲ್ ಇಬ್ಬರೂ ಶ್ವಾಸಕೋಶದ ಕ್ಯಾನ್ಸರ್ ಆದವ್ರಾಗ ಸಿಗರೇಟ್ ಸೇದವ್ರು ಹೆಚ್ಚ ಅಂತ ತೋರಿಸಿದ್ರು, ಕೆಲವು ವರ್ಷ ಆದ ಮ್ಯಾಲೆ ಅದಕ್ಕ ತಕರಾರು ತಗದವನು ಯಾರ್ ಗೊತ್ತೇನು, ಇದ ಫಿಶರ್. ಸೇದೂ ಹಣೆಬರಹಾನೂ ಕ್ಯಾನ್ಸರ್ ಹಣೆಬರಹಾನೂ ಒಂದ ವಂಶವಾಹಿಯಿಂದ ಬಂದಿರಬಹುದು ಅಂದ, ಅಂದ್ರ ಕನ್ಫೌಂಡರ್. ಕ್ಯಾನ್ಸರ್ ಪೂರ್ವದ ಕಿರಿಕಿರಿನ ಮಂದಿಗೆ ಸೇದಬೇಕ ಅನಿಸ್ತಿರಬಹುದು ಅಂತಾನೂ ಅಂದ, ಅಂದ್ರ ಉಲ್ಟಾ ಕಾರಣ. ತರ್ಕದಾಗ ತಪ್ಪಿರಲಿಲ್ಲ, ಉತ್ತರದಾಗ ತಪ್ಪಿತ್ತು, ಅವ ಸ್ವತಃ ಪೈಪ್ ಸೇದ್ತಿದ್ದ ಅನ್ನೂದನ್ನೂ ಮಂದಿ ನೆನಸ್ತಾರ. ಅವನ ತಕರಾರಿಗೆ ಉತ್ತರ ಬಂದಿದ್ದು ಡಿಸೈನಿನಿಂದ. ಅವನ ತಕರಾರಿಗಿಂತ ಮೊದಲ, 1951ರಾಗನ ಡಾಲ್ ಮತ್ತ ಹಿಲ್ ಬ್ರಿಟನ್ನಿನ ಡಾಕ್ಟರಗಳಿಗೆ ಪತ್ರ ಬರದು ಯಾರು ಎಷ್ಟ ಸೇದ್ತಾರ ಅಂತ ಮೊದಲ ಬರಕೊಂಡು, ಆಮ್ಯಾಲ ವರ್ಷಗಟ್ಟಲೆ ಕಾದು ಯಾರು ಯಾವುದರಿಂದ ಸತ್ರು ಅಂತ ನೋಡಿದ್ರು. ಸೇದೂದು ಮೊದಲು, ರೋಗ ಆಮ್ಯಾಲ ಅನ್ನೂದು ಗಟ್ಟಿ ಆತು. ಹೆಚ್ಚ ಸೇದಿದವ್ರಿಗೆ ಹೆಚ್ಚ ಅಪಾಯ, ಬಿಟ್ಟವ್ರಿಗೆ ವರ್ಷ ಹೋದಂಗ ಅಪಾಯ ಕಮ್ಮಿ ಆಕ್ಕೋಂತ ಹೋತು. ಹುಟ್ಟಿನಿಂದ ಬಂದ ವಂಶವಾಹಿ ಸಿಗರೇಟ್ ಬಿಟ್ಟ ಕೂಡ್ಲೆ ಬದಲ ಆಗೂದಿಲ್ಲಲ್ಲ. ಒಂದೊಂದ ತುಣುಕಿಗೆ ಬ್ಯಾರೆ ನೆಪ ಹೇಳಬಹುದು, ಎಲ್ಲಾ ತುಣುಕಿಗೂ ಒಂದ ನೆಪ ಹೊಂದಸೂದು ಕಷ್ಟ.

ಅಂಗಡಿಯವನಿಗೆ ಟೇಬಲ್ ತೋರಿಸಿದ್ವಿ. ಅವ ನೋಡಿ, "ಸರ್, ನಿಮ್ಮ ಹೊಲದಾಗ ಒಂದನೇ ಬ್ಲಾಕಿನಾಗ ಒಂದೂವರಿ ಕೆಜಿ ಹೆಚ್ಚ ಬಂದದ ನೋಡ್ರಿ" ಅಂದ. ಅದನ್ನಷ್ಟ ಬರಕೊಂಡ.

ಕಾಕಾಗ ಮಾತ್ರ ಟಾನಿಕ್ಕಿಗಿಂತ ಹೆಚ್ಚ ಕೊರೆಯಾಕ ಹತ್ತಿದ್ದು ಆ 60 ಮತ್ತ 48. ಇಷ್ಟ ವರ್ಷ ಮ್ಯಾಲಿನ ಭಾಗ ಕಮ್ಮಿ ಬರ್ತದ ಅಂತ ಗೊತ್ತಿತ್ತು, ಎಷ್ಟ ಕಮ್ಮಿ ಅಂತ ತೂಗಿ ನೋಡಿರಲಿಲ್ಲ. ಈ ಸಲ ಮ್ಯಾಲಿನ ಕಡೆ ಕುರಿ ಕೂಡ್ರಸ್ತೀನಿ ಅಂತ ಕುರಿಯವ್ರ ಜೋಡಿ ಮಾತಾಡಿ ಬಂದ್ರು, ಮುಂದಿನ ವರ್ಷ ಮ್ಯಾಲಿನ ಇಳುವರಿ ಏರಿದ್ರ ಕುರಿ ಗೊಬ್ಬರದ ಮಹಿಮಾ ಅಂತ ತಿಳಿಯೂನು ಅಂದ್ರು. ಮುಂದಿನ ವರ್ಷ ಮಳಿ ಚಲೋ ಆದ್ರ ಏನ್ ಮಾಡೂದ್ರಿ ಕಾಕಾ ಅಂದೆ. ಸ್ವಲ್ಪ ಹೊತ್ತ ಸುಮ್ಮ ಕುಂತು, ಆಮ್ಯಾಲ ಕಿಸೆಕ್ಕ ಕೈ ಹಾಕಿ ಎರಡ ರೂಪಾಯಿ ನಾಣ್ಯ ತಗದು ಕಟ್ಟಿ ಮ್ಯಾಲೆ ಇಟ್ರು. "ಬಲೆ ಕಟ್ಟಿ ಅರ್ಧ ಪಟ್ಟಿಯಾಗ ಕುರಿ ಕೂಡ್ರಸಾಕ ಆಕ್ಕೇತಿ. ಆದ್ರ ಈ ಸಲ ಚಿಮ್ಮಾಂವ ನಾನ."